ಶಾಮಿಯಾನದ ದುಡ್ಡು

ಶಂಭುಲಿಂಗಪ್ಪನವರು ಕರೆಯುತ್ತಿದ್ದಾರೆ ಅಂದರೆ ಸಾಕು, ವಿನುತಾಳ ಕೈಕಾಲು ತಣ್ಣಗಾಗುತ್ತಿದ್ದವು. ಬೈಯುವ ಮನುಷ್ಯನಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚಾಮರಾಜಪೇಟೆಯ ಆ ಆರೋಗ್ಯ ಟ್ರಸ್ಟಿನ ಫೈನಾನ್ಸ್ ಆಫೀಸರು ಕನ್ನಡಕವನ್ನು ಹಣೆಗೇರಿಸಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಹಿಂದಿನ ಪ್ರಾಜೆಕ್ಟ್ ಮ್ಯಾನೇಜರ್ ಹರಿಕೃಷ್ಣ ಯಾರನ್ನೂ ಕೇಳದೆ ಖರ್ಚು ಮಾಡಿ, ಆಡಿಟ್‌ನಲ್ಲಿ ಸಿಕ್ಕಿಬಿದ್ದು ಮನೆಗೆ ಹೋಗಿದ್ದ. ಈಗ ಅವನ ಕುರ್ಚಿಯಲ್ಲಿ ಕೂತವಳು ವಿನುತಾ, ಮುಂದಿನ ತಿಂಗಳು ಅವಳ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು.

ಗಾಂಧಿಬಜಾರಿನಲ್ಲಿ ಸೊಪ್ಪು, ಹೂವು ಮಾರುವ ಹೆಂಗಸರಿಗೆ ಶಾಮಿಯಾನ ಹಾಕಿ ತಪಾಸಣಾ ಶಿಬಿರ ಮಾಡುತ್ತೇವೆಂದು ದುಡ್ಡು ಕೊಡುವ ಕಂಪನಿಗೆ ಬರೆದುಕೊಟ್ಟವಳೂ ಅವಳೇ. ಮೊದಲ ಶಿಬಿರಕ್ಕೆ ಮೈಕು ಬಂತು, ಊಟ ಬಂತು, ಡಾಕ್ಟರೂ ಬಂದರು. ಹೆಂಗಸರು ಮಾತ್ರ ಬರಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಸೊಪ್ಪು ಬಾಡಲು ಬಿಟ್ಟು ಯಾರು ಬರುತ್ತಾರೆ? ಇಷ್ಟು ಸಣ್ಣ ಮಾತು ಹೊಳೆಯದೆ ಹೋಯಿತಲ್ಲ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು. ಆಮೇಲೆ ನರ್ಸ್ ಬಿಂದುಶ್ರೀಯನ್ನು ಕರೆದುಕೊಂಡು ತಾನೇ ಅವರು ಕೂರುವ ಜಾಗಕ್ಕೆ ಹೋದಳು.

ಮೊದಲ ದಿನವೇ ಸೊಪ್ಪಿನ ಅಕ್ಕಯಮ್ಮನನ್ನು ಪಕ್ಕದ ಅಂಗಡಿಯ ಒಳಕೋಣೆಯಲ್ಲಿ ಪರೀಕ್ಷಿಸಿದ ಬಿಂದುಶ್ರೀ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದಳು. ಎದೆಯಲ್ಲಿ ಗಂಟು. ಸ್ಕ್ಯಾನಿಂಗ್ ಆಗಬೇಕು, ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು. ಬಿನ್ನಿಪೇಟೆಯ ಬಾಡಿಗೆ ಮನೆಯ ಆ ಹೆಂಗಸಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

"ದುಡ್ಡು ನಾವು ಕೊಡ್ತೀವಿ ಅಕ್ಕಯಮ್ಮ. ಆಫೀಸಿಂದ ಒಪ್ಪಿಗೆ ಬರ್ಲಿ," ಎಂದಳು ವಿನುತಾ.

ಆದರೆ ಬಜೆಟ್‌ನಲ್ಲಿ ಪರೀಕ್ಷೆಯ ಖರ್ಚು ಅನ್ನುವ ಬಾಬ್ತೇ ಇರಲಿಲ್ಲ. ಇದ್ದದ್ದು ಶಿಬಿರದ ಬಾಬ್ತಿನಲ್ಲಿ, ಶಾಮಿಯಾನ, ಕುರ್ಚಿ, ಊಟಕ್ಕೆಂದು ಉಳಿದ ದುಡ್ಡು. ಅದನ್ನು ಇತ್ತ ತಿರುಗಿಸಲು ಶಂಭುಲಿಂಗಪ್ಪನವರಿಗೆ ಬರೆಯಬೇಕು. ಬರೆದಳು ಕೂಡ. ಆದರೆ ಕಳಿಸಲಿಲ್ಲ. ಪ್ಲ್ಯಾನ್ ತಪ್ಪಿತೆಂದು, ಕೇಳದೆ ಬದಲಾಯಿಸಿದೆನೆಂದು ತಾನಾಗಿಯೇ ಒಪ್ಪಿಕೊಳ್ಳುವುದು ಹೇಗೆ? ದಿನವೂ ತೆಗೆದು ಒಂದು ಪದ ತಿದ್ದುವಳು, ಮುಚ್ಚುವಳು. ಹೀಗೇ ಎರಡು ವಾರ ಕಳೆಯಿತು.

ಕೊನೆಗೆ ಬಿಂದುಶ್ರೀ ಕೇಳಿಯೇಬಿಟ್ಟಳು: "ಮೇಡಮ್, ಆಫೀಸಿಂದ ಏನ್ ಹೇಳಿದ್ರು ಅಂತ ಅಕ್ಕಯಮ್ಮ ದಿನಾ ಕೇಳ್ತಾರೆ. ಏನ್ ಹೇಳ್ಲಿ?"

ಅಂದು ಕಣ್ಣು ಮುಚ್ಚಿಕೊಂಡು ಕಳಿಸಿದಳು.

"ಸರ್, ಶಿಬಿರಗಳ ಬದಲು ಮಹಿಳೆಯರು ಕೆಲಸ ಮಾಡುವಲ್ಲಿಗೇ ಹೋಗಿ ತಪಾಸಣೆ ಮಾಡುತ್ತಿದ್ದೇವೆ. ಆದ್ದರಿಂದ ಶಿಬಿರದ ಬಾಬ್ತಿನಲ್ಲಿ ಉಳಿದಿರುವ ಹಣದಲ್ಲಿ ತೊಂಬತ್ತು ಸಾವಿರ ರೂಪಾಯಿಯನ್ನು ಮುಂದಿನ ಪರೀಕ್ಷೆಗಳ ಖರ್ಚಿಗೆ ವರ್ಗಾಯಿಸಲು ಕೋರುತ್ತೇನೆ. ಒಟ್ಟು ಬಜೆಟ್ ಬದಲಾಗುವುದಿಲ್ಲ. ಹೊಸ ಬಾಬ್ತಿನಲ್ಲಿ ಇನ್ನೂ ಏನೂ ಖರ್ಚಾಗಿಲ್ಲ."

ಅರ್ಧ ಗಂಟೆಯೊಳಗೆ ಕರೆ ಬಂತು. ಮೆಟ್ಟಿಲಿಳಿಯುವಾಗ ಹರಿಕೃಷ್ಣನ ಮುಖ ನೆನಪಾಯಿತು.

ಶಂಭುಲಿಂಗಪ್ಪನವರು ಕಂಪನಿಯ ಒಪ್ಪಂದವನ್ನು ತೆರೆದಿಟ್ಟುಕೊಂಡಿದ್ದರು. "ಇರೋ ಬಾಬ್ತುಗಳ ಮಧ್ಯೆ ಶೇಕಡಾ ಹತ್ತರ ತನಕ ಆದ್ರೆ ನಾವೇ ಸರಿಮಾಡ್ಬಹುದು. ಇದು ಹೊಸ ಬಾಬ್ತು. ಅವರ ಒಪ್ಪಿಗೆ ಬರಹದಲ್ಲಿ ಬೇಕು, ಅದೂ ಖರ್ಚಿಗಿಂತ ಮೊದ್ಲೇ. ನೀವು ಖರ್ಚು ಮಾಡಿಲ್ಲ, ಅದು ಒಳ್ಳೇದಾಯ್ತು."

ವಿನುತಾ ಉಸಿರು ಬಿಟ್ಟಳು.

ಕನ್ನಡಕ ಹಣೆಗೇರಿತು. "ಚಟುವಟಿಕೆ ಬದಲಾಗಿದ್ದು ಯಾವತ್ತು? ಅದನ್ನ ನೀವು ಬರೆದಿಲ್ಲ."

ಅವಳು ತಾರೀಕು ಹೇಳಿದಳು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಅವತ್ತೇ ಬರೀಬೋದಿತ್ತಲ್ಲ," ಎಂದರು ಮೆಲ್ಲಗೆ. "ಪ್ಲ್ಯಾನ್ ಬದಲಾಗೋದು ಇದ್ದದ್ದೇ. ಅದಕ್ಕೇ ಅಲ್ವಾ ಈ ನಿಯಮ ಇರೋದು."

ಅದೇ ಸಂಜೆ ಪರಿಷ್ಕೃತ ಬಜೆಟ್ ಟ್ರಸ್ಟಿನ ಕಾರ್ಯದರ್ಶಿಯವರ ಸಹಿಯೊಂದಿಗೆ ಕಂಪನಿಗೆ ಹೋಯಿತು. ಮಾರನೆಯ ದಿನ ಮಧ್ಯಾಹ್ನವೇ ಒಪ್ಪಿಗೆ ಬಂತು. ಅವಳಿಗೆ ಸಂತೋಷವಾಗಲಿಲ್ಲ. ಬರೀ ಒಂದು ದಿನದ ಕೆಲಸವಾಗಿತ್ತಲ್ಲ! ಹೊಸ ಭಯವೊಂದು ಹುಟ್ಟಿತು. ಆ ಎರಡು ವಾರದಲ್ಲಿ ಗಂಟು ಬೆಳೆದಿದ್ದರೆ?

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕಯಮ್ಮ ಒಗೆದ ಸೀರೆ ಉಟ್ಟು ಕೂತಿದ್ದರು.

"ಆಫೀಸಿನವ್ರು ಎಷ್ಟು ತಡ ಮಾಡಿದ್ರೂ ನೀವು ಕೈ ಬಿಡ್ಲಿಲ್ಲ ಕಣಮ್ಮ," ಎಂದರು.

ಸುಮ್ಮನಿದ್ದುಬಿಡಬಹುದಿತ್ತು. ಆದರೂ ಹೇಳಿದಳು. "ಆಫೀಸಲ್ಲ ಅಕ್ಕಯಮ್ಮ. ತಡ ಮಾಡಿದ್ದು ನಾನು. ಕೇಳೋಕೆ ಹೆದರ್ಕೊಂಡು ಕೂತಿದ್ದೆ."

ಅಕ್ಕಯಮ್ಮ ಪಕ್ಕದಲ್ಲಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಈಗ ಎದ್ದು ಹೋಗಿಬಿಡುತ್ತಾರೆ ಎಂದುಕೊಂಡಳು ವಿನುತಾ.

"ಗಂಟು ಯುಗಾದಿಯಿಂದ ಇದೆ ಕಣಮ್ಮ. ಮನೇಲೂ ಹೇಳಿಲ್ಲ," ಎಂದರು ಅಕ್ಕಯಮ್ಮ. "ನಂಗೂ ಕೇಳೋಕೇ ಹೆದ್ರಿಕೆ."

ಒಳಗಿನಿಂದ ಹೆಸರು ಕೂಗಿದರು. ಅಕ್ಕಯಮ್ಮ ಏಳಲಿಲ್ಲ. ವಿನುತಾ ಎದ್ದು ಕೈ ಚಾಚಿದಳು. ಅಕ್ಕಯಮ್ಮ ಆ ಕೈ ಹಿಡಿದು ಎದ್ದರು, ಇಬ್ಬರೂ ಒಟ್ಟಿಗೇ ಒಳಗೆ ಹೋದರು.