ಅನುಭವಿ ಉಪನ್ಯಾಸಕಿ

ಹೊಳಲ್ಕೆರೆ ಕಾಲೇಜಲ್ಲಿ ಹನ್ನೊಂದು ವರ್ಷ ಕನ್ನಡ ಪಾಠ ಮಾಡಿದ್ದ ಉಚ್ಚಂಗಮ್ಮ, ಹಿರಿಯೂರಿನ ಗಾರ್ಮೆಂಟ್ಸ್ ಕಂಪನಿಯ ತರಬೇತುದಾರರ ಕೆಲಸಕ್ಕೆ ಅರ್ಜಿ ಹಾಕಿದಳು. ಕಾರ್ಮಿಕರಿಗೆ ಕನ್ನಡದಲ್ಲೇ ಹೇಳಿಕೊಡುವ ಕೆಲಸವಾದ್ದರಿಂದ ಬಯೋಡೇಟಾನೂ ಕನ್ನಡದಲ್ಲೇ ಕೇಳಿದ್ದರು. ಬರೀ ‘ಪಾಠ ಮಾಡಿದ್ದೇನೆ’ ಅಂದರೆ ಕಂಪನಿಯವರಿಗೇನು ಬಂತು? ಮೂರು ದಿನ ಕೂತು ಮೇಲಿನ ಪರಿಚಯದ ಸಾಲುಗಳನ್ನು ಬದಲಿಸಿದಳು: ‘ಅನುಭವಿ ಉಪನ್ಯಾಸಕಿ. ಅರವತ್ತು ಜನರ ತಂಡದಲ್ಲಿ, ಬಾಯಿ ಬಿಡಲು ಅಂಜುವವರನ್ನೂ ವೇದಿಕೆಯಲ್ಲಿ ಮಾತಾಡುವಂತೆ ತಯಾರು ಮಾಡಿದ್ದೇನೆ. ಅರ್ಧಕ್ಕೇ ಬಿಡುವವರು ವರ್ಷಕ್ಕೆ ಹದಿನೆಂಟಿದ್ದದ್ದು ಐದಕ್ಕಿಳಿದಿದೆ.’

ತಿದ್ದಿಕೊಡಪ್ಪ ಅಂತ ಇತಿಹಾಸ ಪಾಠ ಮಾಡುವ ಮಾರುತೇಶನಿಗೆ ಕಳಿಸಿದಳು. ತಮ್ಮನಂತಿದ್ದ ಸಹೋದ್ಯೋಗಿ.

“ತಿದ್ದೋಕೆ ಏನೂ ಇಲ್ಲ ಬಿಡಕ್ಕ, ಭೇಷ್ ಐತೆ” ಅಂದ.

ಸಂದರ್ಶನದಲ್ಲಿ ಮ್ಯಾನೇಜರ್ ಅವಳ ಹಾಳೆ ನೋಡಿ ಮುಖ ಸಿಂಡರಿಸಿದ. “ಏನ್ರಿ ಮೇಡಂ, ಮಾರುತೇಶ್ ಸಾರ್‌ದನ್ನ ಹಂಗೇ ಇಳಿಸೀರಲ್ಲ? ನಿನ್ನೇನೇ ಅವರನ್ನ ತಗಂಡ್ವಿ.” ಮಾರುತೇಶನ ಬಯೋಡೇಟಾನೂ ಮುಂದಿಟ್ಟ.

ಅದೇ ಸಾಲು, ಅದೇ ಹದಿನೆಂಟು, ಅದೇ ಐದು. ಉಚ್ಚಂಗಮ್ಮ ಅವನ ಹಾಳೆಯ ಮೊದಲ ಸಾಲಿನ ಮೇಲೆ ಬೆರಳೂರಿದಳು. “ಇದನ್ನ ಜೋರಾಗಿ ಓದ್ರಿ ಸಾರ್.”

“ಅನುಭವಿ ಉಪನ್ಯಾಸಕಿ...”

ಹೌದು, ಆ ಹಾಳಾದವನು ಏನೂ ತಿದ್ದಿರಲಿಲ್ಲ.

ಮ್ಯಾನೇಜರ್ ನಕ್ಕು ಹಾಳೆ ಮಡಚಿದ.

“ಟೈಪಿಂಗ್ ಮಿಸ್ಟೇಕ್ ಬಿಡ್ರಿ.”