ಭಂಡಾರದ ಕೆಳಗಿನ ಕಪ್ಪು

ಅಪ್ಪನ ಎಡಗಾಲು ಬಲಗಾಲಿಗಿಂತ ದಪ್ಪವಾಗಿದೆ ಎಂದು ಅವ್ವ ಫೋನ್ ಮಾಡಿದಾಗ ನಾನು ಸೊಲ್ಲಾಪುರದ ಟವೆಲ್ ಕಾರಖಾನೆಯಲ್ಲಿ ಹನ್ನೆರಡು ತಾಸಿನ ಪಾಳಿ ಮುಗಿಸಿ ಹೊರಗೆ ಬಂದಿದ್ದೆ. ಮಗ್ಗದ ಸದ್ದು ಇನ್ನೂ ಕಿವಿಯೊಳಗೇ ಇತ್ತು. ಅವ್ವ ಎರಡು ಸಲ ಹೇಳಬೇಕಾಯಿತು. ಮಲಗಬೇಕೆಂದವನು ಹಾಗೇ ಬಸ್ಸು ಹತ್ತಿ ಅಕ್ಕಲಕೋಟದಲ್ಲಿ ಇಳಿದೆ. ಊರ ಹೊರಗಿನ ನಮ್ಮ ವಾಡಿಗೆ ಅಲ್ಲಿಂದ ನಡೆದು ಹೋಗಬೇಕು.

ಬಾಗಿಲಿಗೆ ಅಡ್ಡವಾಗಿ ಬೀರೋಬಾನ ಟಗರು ಮಲಗಿತ್ತು. ದೇವರ ಹೆಸರಿನಲ್ಲಿ ಬಿಟ್ಟದ್ದು. ಅದನ್ನು ಯಾರೂ ಕಟ್ಟುವುದಿಲ್ಲ, ಮಾರುವುದಿಲ್ಲ, ಬೈಯುವುದೂ ಇಲ್ಲ. ನಾನು ಕಾಲಿನಿಂದ ಸರಿಸಲು ಹೋದರೆ ಒಳಗಿನಿಂದಲೇ ಅಪ್ಪ ಗದರಿದ. ಸುತ್ತು ಹಾಕಿ ದಾಟಿ ಒಳಗೆ ಹೋದೆ.

ಅಪ್ಪನ ಹೆಸರು ಕಾಮಣ್ಣ. ಅರವತ್ತೊಂದು ವರ್ಷ ಕುರಿಯ ಹಿಂದೆ ನಡೆದ ಕಾಲು ಅವು. ಎಡಗಾಲಿನ ಮೀನಖಂಡ ಬಿಗಿದು ಹೊಳೆಯುತ್ತಿತ್ತು. ಮಂಡಿಯಿಂದ ಹಿಮ್ಮಡಿಯ ತನಕ ದಪ್ಪಗೆ ಭಂಡಾರ ಬಳಿದುಕೊಂಡಿದ್ದ. ಅದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ಹಲ್ಲು ನೋವಿಗೂ ಭಂಡಾರ, ಕುರಿಯ ಕಣ್ಣು ಸೋರಿದರೂ ಭಂಡಾರ, ನಮ್ಮ ಮನೆಯಲ್ಲಿ ಎಲ್ಲಕ್ಕೂ ಅದೇ ಅರಿಷಿಣದ ಪುಡಿ. ಏನಾಯಿತೆಂದು ಕೇಳಿದೆ. ಏನಿಲ್ಲ, ಅಮಾವಾಸ್ಯೆ ಮುಗಿದರೆ ಇಳಿಯುತ್ತದೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು.

ಅಕ್ಕಲಕೋಟದ ಡಾಕ್ಟರು ಟೇಪು ಹಿಡಿದು ಎರಡೂ ಕಾಲು ಅಳೆದರು. ನಾಲ್ಕು ಸೆಂಟಿಮೀಟರ್ ಹೆಚ್ಚು. ಪೆಟ್ಟು ಏನಾದರೂ ಬಿದ್ದಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಅಪ್ಪ ತಲೆ ಅಲ್ಲಾಡಿಸಿದ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಅಲ್ಲಾಡಿಸಿದ. ನರ್ಸ್ ಹತ್ತಿ ಹಿಡಿದು ಭಂಡಾರ ಒರೆಸಲು ಬಂದಾಗ ಅವಳ ಮುಂಗೈ ಹಿಡಿದುಕೊಂಡ. ದೇವರದ್ದಿರಬೇಕೆಂದು ಡಾಕ್ಟರು ಒರೆಸುವುದು ಬೇಡವೆಂದರು. ಕಾಲಿನ ನರದೊಳಗೆ ರಕ್ತ ಗಡ್ಡೆ ಕಟ್ಟಿರಬಹುದು, ಅದು ಕಿತ್ತು ಪುಪ್ಪುಸಕ್ಕೆ ಹೋದರೆ ಜೀವಕ್ಕೆ ಅಪಾಯ ಎಂದು ನನಗೆ ಹೇಳಿ, ಡಿ-ಡೈಮರ್ ಎಂಬ ಪರೀಕ್ಷೆಗೆ ರಕ್ತ ತೆಗೆಸಿದರು.

ರಿಪೋರ್ಟ್ ಸಂಜೆಯ ಹೊತ್ತಿಗೆ ಬಂತು. ಎರಡು ಸಾವಿರದ ನೂರಾ ನಲವತ್ತು. ಪಕ್ಕದಲ್ಲಿ ಐನೂರರ ಒಳಗೆ ಇರಬೇಕೆಂದು ಛಾಪಿಸಿತ್ತು. ನಾನು ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನು, ಆದರೆ ಭಾಗಾಕಾರ ಬರುತ್ತದೆ. ನಾಲ್ಕು ಪಟ್ಟು ಗಡ್ಡೆ ಎಂದು ಲೆಕ್ಕ ಹಾಕಿಕೊಂಡೆ.

ರಕ್ತನಾಳದ ಸೋನೋಗ್ರಫಿ ಮಾಡುವವರು ಆ ಶನಿವಾರ ಊರಲ್ಲಿ ಇರಲಿಲ್ಲ. ಡಾಕ್ಟರು ಸೊಲ್ಲಾಪುರಕ್ಕೆ ಚೀಟಿ ಬರೆದರು. ರಾತ್ರಿ ಕಳೆಯಲಿ ಎಂದು ಗಡ್ಡೆಗೆ ಒಂದು ಸುಜಿ, ಇಂಜೆಕ್ಷನ್ನು, ಹೊಟ್ಟೆಯ ಚರ್ಮಕ್ಕೆ ಕೊಡೋಣ, ಮುಂದಿನದು ನಾಳೆ ಸೋನೋಗ್ರಫಿ ನೋಡಿದ ಮೇಲೆ ಎಂದರು. ಅಪ್ಪ ಬೇಡವೆಂದ. ಎದ್ದು ಚಪ್ಪಲಿ ಹುಡುಕತೊಡಗಿದ. ನಾನು ಅವನ ಭುಜ ಹಿಡಿದು ಕೂರಿಸಿದೆ.

"ಸಾಯಾಕ ಅಷ್ಟು ಅವಸರ ಇದ್ರ ಅವ್ವ ನನ್ನ ಯಾಕ ಕರಸಿದ್ಲು?" ಎಂದೆ. "ಸುಜಿ ತಗೋ. ಇಲ್ಲಂದ್ರ ನಾ ಮತ್ತ ನಿನ್ನ ಮನಿ ಹೊಸ್ತಿಲಾ ತುಳಿಯೂದಿಲ್ಲ."

ಅಪ್ಪ ಮತ್ತೆ ಚಪ್ಪಲಿಯತ್ತ ನೋಡಿದ. ಅಂಗಿ ಎತ್ತಿದ.

ಭಾನುವಾರ ಬೆಳಿಗ್ಗೆ ಕಾಲು ಇನ್ನೂ ಬಿಗಿದಿತ್ತು. ಮುಟ್ಟಿದರೆ ಕಟ್ಟಿಗೆಯ ಹಾಗೆ. ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆ ಆನಿಸಿ ಕೂತ. ಎರಡು ದಿನದಿಂದ ನಿದ್ದೆ ಇಲ್ಲದೆ ನನ್ನ ಕಣ್ಣಲ್ಲಿ ಮರಳು ತುಂಬಿದಂತಾಗಿತ್ತು. ಗಡ್ಡೆ ಬೆಳೆಯುತ್ತಿದೆ, ಒಂದು ಸುಜಿ ಸಾಲಲಿಲ್ಲ, ಇದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಆ ದಿನ ಇದ್ದವರು ಡಾಕ್ಟರ್ ಶ್ರೀಲೇಖಾ. ಮರಾಠಿಯಲ್ಲಿ ಶುರು ಮಾಡಿ, ಅಪ್ಪನ ಮುಖ ನೋಡಿ ಕನ್ನಡಕ್ಕೆ ಹೊರಳಿದರು. ಅವರ ಕಣ್ಣಿನ ಕೆಳಗೂ ನನ್ನ ಹಾಗೆಯೇ ಕಪ್ಪು ಕಟ್ಟಿತ್ತು. ನಾನು ರಿಪೋರ್ಟ್ ಮೇಜಿನ ಮೇಲೆ ಹಾಕಿ, ಮೊದಲು ಸುಜಿ ಕೊಡಿ, ಆಮೇಲೆ ಏನು ಬೇಕಾದರೂ ನೋಡಿ ಎಂದೆ. ಸೋನೋಗ್ರಫಿ ಆಗುವ ತನಕ ಕೊಡುವುದಿಲ್ಲ ಎಂದರು. ನಾನು ದನಿ ಏರಿಸಿದೆ. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಮಗ್ಗದ ನಡುವೆ ಕೂಗಿ ಕೂಗಿ ನನಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿದೆ.

"ಒದರಬ್ಯಾಡ್ರಿ," ಎಂದರು ಅವರು, ತಲೆಯನ್ನೂ ಎತ್ತದೆ. "ಇವತ್ತು ನಿಮಗಿಂತ ಜೋರಾಗಿ ಮೂರು ಮಂದಿ ಒದರಿ ಹೋಗ್ಯಾರ. ಇಂಥ ಕಾಲು ಇದ್ರ ನಂಬರ್ ಎಷ್ಟರೆ ಬರಲಿ, ನರ ನೋಡಲೇಬೇಕು."

ಅಪ್ಪನನ್ನು ಮಲಗಿಸಿ ಕಾಲಿಗೆ ತಣ್ಣನೆಯ ಜೆಲ್ ಹಚ್ಚಿದರು. ಯಂತ್ರದ ತುದಿಯಿಂದ ತೊಡೆಯ ಸಂದಿನಿಂದ ಕೆಳಗೆ ಒತ್ತುತ್ತ ಬಂದರು. ಪರದೆಯ ಮೇಲೆ ಕಪ್ಪು ಉಂಗುರವೊಂದು ಒತ್ತಿದಾಗೆಲ್ಲ ಚಪ್ಪಟೆಯಾಗಿ, ಬಿಟ್ಟಾಗೆಲ್ಲ ತೆರೆಯುತ್ತಿತ್ತು. ಒಳಗೆ ಗಡ್ಡೆ ಇದ್ದರೆ ಹಾಗೆ ಚಪ್ಪಟೆಯಾಗುವುದಿಲ್ಲವಂತೆ. ಮಂಡಿಯ ಹಿಂದೆ, ಕೆಳಗೆ, ಎಲ್ಲ ಕಡೆಯೂ ಚಪ್ಪಟೆಯಾಯಿತು. ನರ ಖುಲ್ಲಾ ಇವೆ, ಗಡ್ಡೆ ಇಲ್ಲ ಎಂದರು. ಆಮೇಲೆ ಮೀನಖಂಡದ ಮೇಲೆ ನಿಲ್ಲಿಸಿದರು. ಸ್ನಾಯುವಿನೊಳಗೆ ಮುಷ್ಟಿಯಷ್ಟು ದೊಡ್ಡ ಕರಿ ಮೋಡದಂಥದ್ದು ಕಂಡಿತು. ಅಲ್ಲಿ ಬಹಳ ಹೊತ್ತು ನೋಡಿದರು.

ಜೆಲ್ ಒರೆಸಲೇಬೇಕು. ನರ್ಸ್ ಬಟ್ಟೆ ಹಾಕಿ ಒರೆಸಿದಳು, ಅಪ್ಪ ಕೈ ಎತ್ತುವುದರೊಳಗೆ ಭಂಡಾರ ಜೆಲ್ಲಿನೊಡನೆ ಹಳದಿ ಗಸಿಯಾಗಿ ಹೊರಟುಹೋಯಿತು. ಕೆಳಗೆ ಚರ್ಮ ನೀಲಿಗಪ್ಪಾಗಿತ್ತು. ಮಂಡಿಯ ಕೆಳಗೆ ಎರಡು ಬೆರಳು ಅಗಲದ ತರಚು ಒಣಗಿತ್ತು, ಕಪ್ಪು ಅಲ್ಲಿಂದ ಹಿಮ್ಮಡಿಯ ತನಕ ಇಳಿದಿತ್ತು.

"ಕಾಕಾ, ಪೆಟ್ಟು ಬಿದ್ದದ," ಎಂದರು ಡಾಕ್ಟರು. "ಹೆಂಗ ಬಿತ್ತು?"

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ನೀವು ಹೇಳಲಿಲ್ಲಂದ್ರ ಇದು ತಾನಾಗಿ ಒಳಗ ಒಡದದ್ದೋ, ಬ್ಯಾರೆ ರೋಗದಿಂದೋ ಅಂತ ನಾ ಹುಡುಕಬೇಕಾಗ್ತದ. ಸಿಟಿ ಸ್ಕ್ಯಾನು, ಇನ್ನಷ್ಟು ರಕ್ತ. ಯಾವತ್ತು ಬಿತ್ತು, ಅಷ್ಟರೆ ಹೇಳ್ರಿ."

ಅಪ್ಪ ಧೋತರ ಎಳೆದು ಕಾಲು ಮುಚ್ಚಿಕೊಂಡ. ಆಗ ನನಗೆ ಬಾಗಿಲಿಗೆ ಅಡ್ಡ ಮಲಗಿದ್ದ ಟಗರು ನೆನಪಾಯಿತು. ತಲೆ ತಗ್ಗಿಸಿ ಗುದ್ದಿದರೆ ಪೆಟ್ಟು ಸರಿಯಾಗಿ ಮಂಡಿಯ ಕೆಳಗೆ ಬೀಳುವಷ್ಟು ಎತ್ತರ ಅದು. ದೇವರ ಟಗರು ಹಾಯ್ದರೆ ಮನೆಯಲ್ಲಿ ಯಾರೋ ತಪ್ಪು ನಡೆದಿದ್ದಾರೆಂದು ನಮ್ಮವರ ನಂಬಿಕೆ. ಹಾಯಿಸಿಕೊಂಡವನು ಭಂಡಾರ ಬಳಿದುಕೊಂಡು, ಅಮಾವಾಸ್ಯೆಗೆ ಗುಡಿಯಲ್ಲಿ ತಪ್ಪು ಕಾಣಿಕೆ ಇಡುವ ತನಕ ಅದನ್ನು ಬಾಯಲ್ಲಿ ಆಡಬಾರದು. ಆಡಿದರೆ ತಪ್ಪು ಹಿಂಡಿಗೆ ತಾಗುತ್ತದೆ. ಅಜ್ಜ ಹೀಗೇ ಮುರಿದ ಪಕ್ಕೆಲುಬು ಇಟ್ಟುಕೊಂಡು ಹನ್ನೊಂದು ದಿನ ಸುಮ್ಮನಿದ್ದನಂತೆ.

"ಟಗರು ಹಾಯ್ದದ," ಎಂದೆ ನಾನು. "ನಮ್ಮ ಬೀರೋಬಾನ ಟಗರು."

ಅಪ್ಪ ಕಣ್ಣು ಮುಚ್ಚಿಕೊಂಡ. ನಾಲ್ಕು ಬೆರಳು ಎತ್ತಿ ತೋರಿಸಿದ. ನಾಲ್ಕು ದಿನ.

ನಿನ್ನೆ ಸುಜಿ ಕೊಟ್ಟ ಹೊತ್ತು ಎಷ್ಟು ಎಂದು ಡಾಕ್ಟರು ಕೇಳಿದರು. ಸಂಜೆ ಆರೂವರೆ ಎಂದೆ. ಆ ಕರಿ ಮೋಡ ಹೊಡೆತಕ್ಕೆ ಸ್ನಾಯುವಿನೊಳಗೆ ಸೋರಿದ ರಕ್ತ ಎಂದರು. ದೇಹ ಅದನ್ನು ಹೆಪ್ಪುಗಟ್ಟಿಸಿ ನಿಲ್ಲಿಸಿತ್ತು. ನಾನು ಅವನ ಭುಜ ಒತ್ತಿ ಹಿಡಿದು ಕೊಡಿಸಿದ ಸುಜಿ ಮತ್ತೆ ಸೋರುವಂತೆ ಮಾಡಿರಬಹುದು. ಡಾಕ್ಟರ ಹಿಂದೆ ಕಾರಿಡಾರಿಗೆ ಬಂದು ಕೇಳಿದೆ.

"ಮತ್ತ ಆ ನಂಬರ್ ಸುಳ್ಳೇನ್ರಿ, ಮ್ಯಾಡಮ್? ನಾಲ್ಕು ಪಟ್ಟು ಬಂದಿತ್ತಲ್ಲ?"

ಏನು ಕೆಲಸ ಮಾಡುತ್ತೀರೆಂದು ಕೇಳಿದರು. ಟವೆಲ್ ಎಂದೆ. ಅಲ್ಲೇ ಬೆಂಚಿನ ಮೇಲೆ ಕೂತರು, ನಿಂತು ಸಾಕಾಗಿತ್ತೇನೋ.

ರಕ್ತ ಹೆಪ್ಪುಗಟ್ಟುವುದೆಂದರೆ ಫೈಬ್ರಿನ್ ಎಂಬ ನೂಲಿನ ಬಲೆ ನೇಯ್ದಂತೆ, ಎಳೆ ಎಳೆಗೆ ಗಂಟು ಬಿದ್ದು ಗಟ್ಟಿಯಾಗುತ್ತದೆ ಎಂದರು. ಗಾಯ ಮಾಯಬೇಕಾದರೆ ಆ ಬಲೆ ಹೋಗಬೇಕು. ಅದಕ್ಕೆ ಬಲೆಯೊಳಗೇ ಮಡಚಿಟ್ಟ ಕತ್ತರಿ ಇರುತ್ತದೆ. ನಾಳದ ಗೋಡೆಯಿಂದ ಬರುವ ಇನ್ನೊಂದು ವಸ್ತು ಕತ್ತರಿಯನ್ನು ಬಿಚ್ಚುತ್ತದೆ. ಬಿಚ್ಚಿದ ಕತ್ತರಿಯ ಹೆಸರು ಪ್ಲಾಸ್ಮಿನ್. ಅದು ಎಳೆಯನ್ನು ಕತ್ತರಿಸುತ್ತದೆ, ಗಂಟನ್ನು ಕತ್ತರಿಸಲಾರದು. ಗಂಟು ಸಮೇತ ಉಳಿದ ತುಂಡು ರಕ್ತದಲ್ಲಿ ತೇಲುತ್ತದೆ. ಅದೇ ಡಿ-ಡೈಮರ್. ಪರೀಕ್ಷೆ ಎಣಿಸುವುದು ಆ ತುಂಡನ್ನು, ಗಡ್ಡೆಯನ್ನಲ್ಲ.

"ನಿಮ್ಮ ಕಾರಖಾನಿ ನೆಲದ ಮ್ಯಾಲೆ ನೂಲಿನ ತುಂಡು ಬಿದ್ದಾವ ಅಂದ್ರ ಏನೋ ನೇಯ್ದು ಕತ್ತರಿಸ್ಯಾರ ಅಂತ ಗೊತ್ತಾಗ್ತದ. ಯಾವ ಮಗ್ಗದಾಗ ಅಂತ ಗೊತ್ತಾಗ್ತದೇನು? ನರದಾಗ ಕಟ್ಟಿದ್ರೂ ತುಂಡು ಬೀಳ್ತಾವ, ಟಗರು ಗುದ್ದಿದ್ರೂ ಬೀಳ್ತಾವ. ಆಪರೇಶನ್ ಆದವರಿಗೆ, ಬಸುರಿಗೆ, ಸೋಂಕಿಗೆ, ಕ್ಯಾನ್ಸರಿಗೆ, ಸುಮ್ಮನ ವಯಸ್ಸಾದರೂ ಏರ್ತದ. ನೆಲ ಸ್ವಚ್ಛ ಇದ್ದು, ಸಂಶಯಾನೂ ಕಡಿಮಿ ಇದ್ರ, ಗಡ್ಡಿ ಇಲ್ಲ ಅನ್ನಬಹುದು. ಅದರ ಉಪಯೋಗ ಅಷ್ಟ."

"ಮತ್ತ ಸುಜಿ ಗಡ್ಡಿ ಕರಗಸೂದಿಲ್ಲೇನ್ರಿ?"

"ಇಲ್ಲ. ಹೊಸಾದು ನೇಯೂದನ್ನ ತಡೀತದ. ಕರಗಸೂದು ಮೈಯಾಗಿನ ಕತ್ತರಿ ಕೆಲಸ."

ಅಕ್ಕಲಕೋಟದ ಡಾಕ್ಟರನ್ನು ಬೈಯಲು ಬಾಯಿ ತೆರೆದೆ. ಅವರು ಕೈ ಎತ್ತಿದರು. ಎರಡು ಸಲ ಕೇಳಿದ್ದರಲ್ಲ, ಪೆಟ್ಟಿಲ್ಲ ಎಂದವರು ಯಾರು ಎಂದರು. ನನ್ನ ಬಳಿ ಬೈಯಲು ಯಾರೂ ಉಳಿಯಲಿಲ್ಲ.

ಸುಜಿ ನಿಲ್ಲಿಸಿದರು. ಅದರ ಜೋರು ಸಂಜೆಯೊಳಗೆ ಇಳಿಯುತ್ತದೆ, ಅಲ್ಲಿಯ ತನಕ ಇಲ್ಲೇ ಇರಲಿ ಎಂದರು. ಹಿಮೋಗ್ಲೋಬಿನ್ ನೋಡಿದರು, ಹೆಚ್ಚೇನೂ ಇಳಿದಿರಲಿಲ್ಲ. ಕಾಲಿಗೆ ಪಟ್ಟಿ ಸುತ್ತಿ ದಿಂಬಿನ ಮೇಲೆ ಎತ್ತಿಟ್ಟರು. ತಾಸಿಗೊಮ್ಮೆ ನರ್ಸ್ ಬಂದು ಅಪ್ಪನ ಕಾಲ್ಬೆರಳು ಅಲ್ಲಾಡಿಸಿ, ಪಾದದ ನಾಡಿ ಮುಟ್ಟಿ ಹೋದಳು. ನಾನು ಅವಳ ಮುಖ ನೋಡುತ್ತ ಕೂತೆ. ಬಿಗಿತ ಏರಿದರೆ ಕೊಯ್ಯಬೇಕಾದೀತು ಎಂದಿದ್ದರು. ಐದು ಗಂಟೆಗೆ ಡಾಕ್ಟರು ಮತ್ತೆ ಯಂತ್ರ ಇಟ್ಟು ಅಳೆದರು. ಮೋಡ ಬೆಳಿಗ್ಗೆ ಇದ್ದಷ್ಟೇ ಇತ್ತು. ವಾರಕ್ಕೆ ಬನ್ನಿ, ನೋವು ಏರಿದರೆ, ಬೆರಳು ಜೋಮು ಹಿಡಿದರೆ ಆಗಲೇ ಬನ್ನಿ, ಆ ಡಿ-ಡೈಮರ್ ಮಾತ್ರ ಮತ್ತೆ ಮಾಡಿಸಬೇಡಿ, ಇದು ಕರಗುವ ತನಕ ಅದು ಮೇಲೆಯೇ ಇರುತ್ತದೆ ಎಂದರು.

ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಅಪ್ಪನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇಬ್ಬರಿಗೂ ಚಹಾ ಕುಡಿಯುವಷ್ಟೂ ತ್ರಾಣ ಇರಲಿಲ್ಲ. ಅಪ್ಪ ಪಟ್ಟಿಯ ಅಂಚು ಸವರುತ್ತ ಹೇಳಿದ.

"ಅಮಾಸಿತನಕ ತಡಕೋಬೇಕಿತ್ತು. ಹಿಂಡಿಗೆ ತಾಗ್ತದ."

"ನೀ ಎಲ್ಲಿ ಹೇಳಿದಿ?" ಎಂದೆ. "ನೀ ಬಾಯಿ ತೆಗದೇ ಇಲ್ಲ. ಹೇಳಿದಾವ ನಾ. ತಾಗೂದಿದ್ರ ನನಗ ತಾಗಲಿ, ನನ್ನ ಹತ್ರ ಕುರಿ ಇಲ್ಲ, ಏನಿಲ್ಲ."

ಅಪ್ಪ ಯೋಚಿಸಿದ. ನಿಜಕ್ಕೂ ಲೆಕ್ಕ ಹಾಕುತ್ತಿದ್ದ, ಹುಬ್ಬು ಗಂಟಿಕ್ಕಿ. ಆಮೇಲೆ ಅಂಗಿಯ ಕಿಸೆಯಿಂದ ಭಂಡಾರದ ಪುಡಿಕೆ ತೆಗೆದ. ಪಟ್ಟಿಯ ಮೇಲೆ ಹಚ್ಚುತ್ತಾನೆಂದುಕೊಂಡೆ, ಕೈ ತಡೆಯುವಷ್ಟು ಶಕ್ತಿ ನನಗಿರಲಿಲ್ಲ. ಅವನು ಚಿಟಿಕೆ ಹಿಡಿದು ನನ್ನ ಹಣೆಗೆ ಹಚ್ಚಿದ. ಹೇಳಿದವನು ನಾನು, ಹಾಗಾಗಿ ಭಂಡಾರವೂ ನನಗೆ.

ಅಕ್ಕಲಕೋಟದ ಬಸ್ಸು ಬಂತು. ಕಾಲು ಎತ್ತಿಡಲು ಜಾಗ ಬೇಕು ಎಂದು ಕಂಡಕ್ಟರನಿಗೆ ಹೇಳಿದೆ. ಮೆಲ್ಲಗೇ ಹೇಳಿದೆ. ಅವನು ಹಿಂದಿನ ಉದ್ದ ಸೀಟು ತೋರಿಸಿದ.