ವಿ ಮತ್ತು ಡಬ್ಲ್ಯೂ

ರಾತ್ರಿ ಪಾಳಿಯಲ್ಲಿ ಕಂಪ್ಯೂಟರ್ ‘ಟಿಣ್’ ಎಂದಿತು. ಜೋಡಿ ಸಿಕ್ಕಿದೆ ಎಂಬ ಸದ್ದು ಅದು.

ಹೆಸರಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಸ್ಪೆಲ್ಲಿಂಗ್ ಬರೆದರೆ ನಮ್ಮ ಆಸ್ಪತ್ರೆಯಲ್ಲಿ ಒಬ್ಬ ರೋಗಿ ಇಬ್ಬರಾಗುತ್ತಾನೆ. ಅಂಥ ದಾಖಲೆಗಳನ್ನು ಕೂಡಿಸಲು, ಹೆಸರಿನ ಉಚ್ಚಾರಣೆ ನೋಡಿ ಜೋಡಿ ಹುಡುಕುವ ಪ್ರೋಗ್ರಾಂ ಒಂದನ್ನು ನಾನು ಮಾಡಿದ್ದೆ. ಅದಕ್ಕೆ ವಿ, ಡಬ್ಲ್ಯೂ ಎರಡೂ ಒಂದೇ. ಟಿ, ಡಿಗಳ ನಂತರದ ಎಚ್ ಲೆಕ್ಕಕ್ಕಿಲ್ಲ.

ಮೇಲ್ವಿಚಾರಕರಿಗೆ ಈ ಎರಡು ನಿಯಮಗಳ ಮೇಲೆಯೇ ಕೋಪ. ಸಂಜೆ ಎಲ್ಲರೆದುರು, “ಇದೇನು ಮಕ್ಕಳಾಟಾನಾ? ಬೆಳಿಗ್ಗೆಯೊಳಗೆ ಅವೆರಡನ್ನೂ ತೆಗೀರಿ, ಇಲ್ಲಾಂದ್ರೆ ನೀವೇ ಜಾಗ ಖಾಲಿ ಮಾಡಿ,” ಎಂದಿದ್ದರು.

ಪರದೆ ನೋಡಿದೆ. ಜೋಡಿ ಮೇಲ್ವಿಚಾರಕರದ್ದೇ. ಒಂದು ದಾಖಲೆಯ ಹೆಸರಿನಲ್ಲಿ ವಿ, ಟಿ. ಇನ್ನೊಂದರಲ್ಲಿ ಡಬ್ಲ್ಯೂ, ಟಿಎಚ್. ಹುಟ್ಟಿದ ದಿನವೂ ಫೋನ್ ನಂಬರೂ ಒಂದೇ. ಎರಡನೆಯ ದಾಖಲೆ ಮಾನಸಿಕ ರೋಗ ವಿಭಾಗದ್ದು. ಅವರ ಬಾಯಿ ಮುಚ್ಚಿಸಲು ಇಷ್ಟು ಸಾಕಿತ್ತು.

“ಏನಮ್ಮಾ, ನಿಮ್ಮ ಬಲೆಗೆ ಏನಾದ್ರೂ ಬಿತ್ತಾ?” ಬಾಗಿಲಲ್ಲಿ ಅವರೇ ನಿಂತಿದ್ದರು.

ಪರದೆ ಆರಿಸಿದೆ. “ಏನೂ ಇಲ್ಲ ಸರ್. ಆದ್ರೆ ನಿಯಮ ತೆಗೆಯಲ್ಲ. ಬೇಕಾದ್ರೆ ನನ್ನನ್ನೇ ತೆಗೀರಿ.”

“ತೆಗೀತೀನಿ, ನೋಡ್ತಿರಿ,” ಎಂದು ಬಾಗಿಲು ಬಡಿದು ಹೋದರು.

ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಒಬ್ಬರ ಕಾಯಿಲೆಯನ್ನು ಕಲ್ಲಿನಂತೆ ಎತ್ತಿ ಎಸೆಯಲು ಮನಸ್ಸು ಬರಲಿಲ್ಲ. ಕೆಲಸ ಹೋದರೂ ಸರಿ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದೆ.